ಟಿಕ್ ಹಾಕದ ಚೌಕ

ಆಫೀಸಿನಲ್ಲಿ ಎಲ್ಲರೂ ಅವಳನ್ನು ನೋಟಮ್ಮ ಎಂದೇ ಕರೆಯುತ್ತಿದ್ದರು. ಅವಳ ಕೈಯಲ್ಲಿ ನೋಟು ಕುಣಿದಾಡುತ್ತಿತ್ತು ಎಂದೇನಲ್ಲ. ನಾಲ್ಕು ವಿಮಾ ಕಂಪನಿಗಳು ನಾಲ್ಕು ಭಾಷೆಯಲ್ಲಿ ಮಾತಾಡಿದಂತೆ ಕಳಿಸುವ ಕೊಟೇಶನ್‌ಗಳನ್ನು ಪಕ್ಕಪಕ್ಕ ಕೂರಿಸಿ, ಯಾವುದರಲ್ಲಿ ಏನಿದೆ, ಏನಿಲ್ಲ ಎಂದು ಗಿರಾಕಿಗೆ ಅರ್ಥವಾಗುವಂತೆ ಹೋಲಿಕೆಯ ನೋಟ್ ಬರೆಯುವುದು ಅವಳ ಕೆಲಸ. ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಬ್ರೋಕರ್ ಆಫೀಸು. ಕಿಟಕಿ ತೆಗೆದರೆ ಹೊಸ ರಬ್ಬರಿನ ವಾಸನೆ, ಮುಚ್ಚಿದರೆ ಹಳೆ ಫೈಲಿನ ವಾಸನೆ. ನೋಟಮ್ಮ ರಬ್ಬರೇ ವಾಸಿ ಎಂದು ಕಿಟಕಿ ತೆರೆದಿಟ್ಟುಕೊಳ್ಳುತ್ತಿದ್ದಳು.

ಅವತ್ತು ಆಫೀಸಿನ ಯಜಮಾನರು ಅವಳ ಮೇಜಿನ ಮುಂದೆ ನಿಂತು, ಪ್ರಿಂಟಾದ ಹಾಳೆಯ ಮೇಲೆ ಬೆರಳಿಟ್ಟು ಕೇಳಿದರು. "ಏನಮ್ಮಾ ಇದು? ಬಾಕ್ಸಿನೊಳಗೆ ಪ್ರಬಂಧ ಬರೆದಿದೀಯಾ?"

"ಪ್ರಬಂಧ ಅಲ್ಲ ಸರ್. ಒಂದೇ ವಾಕ್ಯ."

"ಒಂದು ವಾಕ್ಯ ಯಾಕೆ? ಉಳಿದ ಬಾಕ್ಸಿಗೆಲ್ಲ ಟಿಕ್ ಹಾಕಿದೀಯಲ್ಲ, ಇದಕ್ಕೂ ಒಂದು ಹಾಕಿದ್ರೆ ನಿನ್ನ ಪೆನ್ನೇನು ಸವೆದು ಹೋಗ್ತಿತ್ತಾ?"

ಶಾಲೆಯೊಂದರ ಆಡಳಿತ ಸಮಿತಿ ತನ್ನ ಮಕ್ಕಳು ಮತ್ತು ಸಿಬ್ಬಂದಿಗೆ ಗುಂಪು ಅಪಘಾತ ವಿಮೆ ಮಾಡಿಸಲು ಹೊರಟಿತ್ತು. ಬಂದದ್ದು ಮೂರು ಕೊಟೇಶನ್. ಒಂದು ಕಂಪನಿ ಶಾಲೆಯ ಕಾಂಪೌಂಡಿನ ಒಳಗೆ, ಶಾಲೆಯ ಹೊತ್ತಿನಲ್ಲಿ ಆದದ್ದಕ್ಕೆ ಮಾತ್ರ ಹಣ ಕೊಡುತ್ತೇನೆ ಎಂದಿತ್ತು. ಗೇಟು ದಾಟಿ ಬಸ್ಸು ಹತ್ತುವ ಮಗುವಿಗೆ ಅದರಿಂದ ಪ್ರಯೋಜನವಿಲ್ಲ ಎಂದು ಕಾರಣ ಬರೆದು ನೋಟಮ್ಮ ಅದನ್ನು ಬದಿಗಿಟ್ಟಿದ್ದಳು. ಉಳಿದದ್ದು ಎರಡು. ಎರಡೂ ದಿನವಿಡೀ, ಎಲ್ಲಿದ್ದರೂ ರಕ್ಷಣೆ ಕೊಡುವಂಥವು. ಮೊದಲನೆಯದರ ಪ್ರೀಮಿಯಂ ಕಡಿಮೆ, ಸಾವಿಗೆ ಕೊಡುವ ಮೊತ್ತ ಬಲು ದೊಡ್ಡದು. ಎರಡನೆಯದರ ಪ್ರೀಮಿಯಂ ಜಾಸ್ತಿ, ಸಾವಿನ ಮೊತ್ತ ಅದರ ಅರ್ಧ.

ಯಜಮಾನರ ಬೆರಳು ನಿಂತಿದ್ದು ಮೊದಲನೆಯದರ 'ಆಸ್ಪತ್ರೆ ಖರ್ಚು' ಎಂಬ ಸಾಲಿನ ಚೌಕದ ಮೇಲೆ. ಅಲ್ಲಿ ಟಿಕ್ ಇರಲಿಲ್ಲ. ಅವಳು ಹೀಗೆ ಬರೆದಿದ್ದಳು: 'ಮಗು ಬಿದ್ದು ಕೈ ಮುರಿದುಕೊಂಡು, ಪಟ್ಟಿ ಹಾಕಿಸಿ, ಪೂರ್ತಿ ಗುಣವಾದರೆ ಈ ಪಾಲಿಸಿಯಿಂದ ಏನೂ ಸಿಗುವುದಿಲ್ಲ.'

"ಕೊಟೇಶನ್ನಿನಲ್ಲಿ ಆಸ್ಪತ್ರೆ ಖರ್ಚು ಅಂತ ಇದೆಯೋ ಇಲ್ವೋ?" ಎಂದರು ಯಜಮಾನರು.

"ಇದೆ ಸರ್. ಒಪ್ಪಿಗೆಯಾದ ಕ್ಲೇಮಿನ ಮೊತ್ತದಲ್ಲಿ ಶೇಕಡಾ ನಲವತ್ತು, ಇಲ್ಲವೇ ಬಿಲ್ಲಿನಷ್ಟು, ಯಾವುದು ಕಡಿಮೆಯೋ ಅದು, ಅಂತ ಇದೆ. ಮೊದಲು ಒಂದು ಕ್ಲೇಮ್ ಒಪ್ಪಿಗೆ ಆಗ್ಬೇಕು. ಮಗು ಸಾಯ್ಬೇಕು, ಇಲ್ಲಾ ಶಾಶ್ವತವಾಗಿ ಏನಾದ್ರೂ ಊನ ಆಗ್ಬೇಕು. ಆಗ ಅದರ ಬೆನ್ನಿಗೆ ಆಸ್ಪತ್ರೆ ಖರ್ಚು. ಟೀಚರುಗಳಿಗಾದ್ರೆ ಕೆಲಸಕ್ಕೆ ಹೋಗಕ್ಕಾಗದ ವಾರಗಳಿಗೆ ಪರಿಹಾರ ಇದೆ, ಅದೇ ಒಂದು ಕ್ಲೇಮ್ ಆಗತ್ತೆ, ಅದರ ಹಿಂದೆ ಖರ್ಚೂ ಬರತ್ತೆ. ಮಕ್ಕಳಿಗೆ ಸಂಬಳ ಇಲ್ಲ, ಅದಕ್ಕೇ ವಾರದ ಪರಿಹಾರಾನೂ ಇಲ್ಲ. ಕೈ ಮುರೀತು, ಕೂಡ್ಕೊಳ್ತು. ಕ್ಲೇಮೇ ಇಲ್ಲ. ಕ್ಲೇಮಿಲ್ಲದ ಮೇಲೆ ಯಾವುದರಲ್ಲಿ ನಲವತ್ತು?"

ಯಜಮಾನರು ಮೂಗಿನ ಮೇಲಿನ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. ಅವರಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ಗೊತ್ತಿದ್ದದ್ದನ್ನು ಯಾರಾದರೂ ಗಟ್ಟಿಯಾಗಿ ಹೇಳಿದಾಗಲೆಲ್ಲ ಅವರ ಕನ್ನಡಕ ಕೊಳೆಯಾಗುತ್ತಿತ್ತು.

"ನೋಡಮ್ಮಾ. ಸಮಿತಿ ಅಧ್ಯಕ್ಷರು ಬೆಳಿಗ್ಗೆನೇ ಫೋನ್ ಮಾಡಿದ್ರು. ಅವರಿಗೆ ಆ ದೊಡ್ಡ ಮೊತ್ತ ಮನಸ್ಸಿಗೆ ಬಂದ್ಬಿಟ್ಟಿದೆ. ಪೋಷಕರ ಸಭೆಯಲ್ಲಿ ಮೈಕ್ ಹಿಡ್ಕೊಂಡು ಹೇಳ್ಬೇಕಂತೆ. ಸಮಿತಿಯೋರಿಗೆ ಒಂದೇ ಹಾಳೆ ಸಾಕು, ಟಿಕ್ಕು ಇಂಟು ಸಾಕು. ಶಾಲೆಯ ಬಸ್ಸು, ಕಟ್ಟಡ, ಲ್ಯಾಬು, ಎಲ್ಲಾ ಪಾಲಿಸಿ ನಮ್ಮ ಹತ್ರಾನೇ ಇರೋದು. ಸ್ಕೂಲು ಕೈ ಬಿಟ್ಟುಹೋದ್ರೆ ನಿನ್ನ ಕುರ್ಚಿನೂ ಅದರ ಹಿಂದೇನೇ ಹೋಗತ್ತೆ. ಹೆದರಿಸ್ತಾ ಇಲ್ಲ. ಇರೋದನ್ನ ಹೇಳ್ದೆ."

"ನಾನೂ ಇರೋದನ್ನೇ ಬರೆದಿರೋದು ಸರ್," ಎಂದಳು ನೋಟಮ್ಮ.

"ನಾಳೆ ಸಂಜೆ ಸಭೆ. ಅಷ್ಟರೊಳಗೆ ಆ ಬಾಕ್ಸ್ ಸರಿಮಾಡು," ಎಂದು ಹೇಳಿ ಅವರು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮನೆಯಲ್ಲಿ ಹುರುಳಿಕಾಯಿ ಸೋಸುತ್ತ ಅವಳು ಆ ಹಾಳೆಯನ್ನು ಮತ್ತೆ ಮತ್ತೆ ನೋಡಿದಳು. ಗಂಡ ಸಾಮಾನಿನ ಲಾರಿ ಓಡಿಸುವವನು, ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಮನೆಯ ಬಾಡಿಗೆ ಹೋಗುವುದು ಅವಳ ಸಂಬಳದಿಂದ. ಕುರ್ಚಿ ಹೋದರೆ ಏನೇನು ಹೋಗುತ್ತದೆ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಗಳು ಅಡುಗೆಮನೆಯ ಹೊಸ್ತಿಲ ಮೇಲೆ ಒಂಟಿ ಕಾಲಲ್ಲಿ ಕುಪ್ಪಳಿಸುತ್ತ ಮಗ್ಗಿ ಹೇಳುತ್ತಿದ್ದಳು. ಏಳರ ಮಗ್ಗಿಯಲ್ಲಿ ಎಡವಿದಾಗಲೆಲ್ಲ ಕಾಲು ಬದಲಿಸುತ್ತಿದ್ದಳು.

"ಕೂತ್ಕೊಂಡು ಹೇಳೇ, ಬೀಳ್ತೀಯ," ಎಂದರು ಅತ್ತೆ.

"ಕೂತ್ರೆ ಮರೆತು ಹೋಗತ್ತಜ್ಜಿ."

ಅತ್ತೆ ಸೊಸೆಯ ಮುಖ ನೋಡಿದರು, ಹಾಳೆ ನೋಡಿದರು. ಕೈಯೊರೆಸಿಕೊಂಡು ಅದನ್ನು ಎತ್ತಿಕೊಂಡು ಕಣ್ಣಿಗೆ ದೂರ ಹಿಡಿದು ರೇಡಿಯೋ ವಾರ್ತೆಯವರಂತೆ ಓದಿದರು. ಓದಿ ಮುಗಿಸಿ, "ಇದರಲ್ಲಿ ತಪ್ಪೇನಿದೆ? ನನಗೇ ಅರ್ಥ ಆಯ್ತು. ಅವರಿಗೆ ಆಗಲ್ವಾ?" ಎಂದರು.

"ಆಗತ್ತೆ ಅಂತಾನೇ ಬೇಡ ಅಂತಿರೋದು ಅತ್ತೆ."

"ಮತ್ತೆ ಏನ್ಮಾಡ್ತೀಯ?"

ನೋಟಮ್ಮ ಕಾಯಿಯ ನಾರು ಎಳೆದು ತಟ್ಟೆಯ ಅಂಚಿಗೆ ಹಾಕಿದಳು. ಟಿಕ್ ಹಾಕುವುದು ಸುಲಭ. ಹಾಕಿದರೆ ಅದು ಪೂರ್ತಿ ಸುಳ್ಳೂ ಅಲ್ಲ. ಟೀಚರುಗಳ ಪಾಲಿಗೆ ನಿಜವೇ. ಮಗುವಿನ ಬೆರಳೇ ಕತ್ತರಿಸಿ ಹೋದರೆ ಆಗಲೂ ನಿಜವೇ, ಹಾಗಾಗಿ ಇಂಟು ಹಾಕಿದರೆ ಅದೂ ಸುಳ್ಳಾಗುತ್ತದೆ. ಯಾವ ಗುರುತು ಹಾಕಿದರೂ ಅರ್ಧ ಸುಳ್ಳು. ಆ ಅರ್ಧದೊಳಗೆ ಯಾವುದೋ ತಾಯಿ ಮಗುವಿನ ಕೈಗೆ ಪಟ್ಟಿ ಕಟ್ಟಿಸಿಕೊಂಡು, ಬಿಲ್ಲಿನ ಕಟ್ಟು ಹಿಡಿದು ಬಂದು ನಿಲ್ಲುತ್ತಾಳೆ. ಆಗ ಅವಳಿಗೆ ಯಾರು ಹೇಳುವುದು, ನಿನ್ನ ಮಗು ಗುಣವಾಯಿತಲ್ಲಮ್ಮ, ಅದಕ್ಕೇ ಇಲ್ಲ ಎಂದು?

"ಏನೂ ಮಾಡಲ್ಲ ಅತ್ತೆ," ಎಂದಳು. "ಇದ್ದದ್ದು ಇದ್ದ ಹಾಗೇ ಇರತ್ತೆ. ಇನ್ನೊಂದು ಸಾಲು ಸೇರಿಸ್ತೀನಿ ಅಷ್ಟೆ."

"ಇನ್ನೊಂದಾ!" ಎಂದು ಅತ್ತೆ ಬಾಯಿಗೆ ಕೈ ಇಟ್ಟುಕೊಂಡರು. ಆದರೆ ಆ ಕೈಯ ಹಿಂದೆ ನಗುತ್ತಿದ್ದರು.

ಮರುದಿನ ಸಂಜೆ ಶಾಲೆಯ ಸಿಬ್ಬಂದಿ ಕೋಣೆಯಲ್ಲಿ ಸಭೆ. ಉದ್ದ ಮೇಜಿನ ಮೇಲೆ ತಿದ್ದದ ಉತ್ತರಪತ್ರಿಕೆಗಳ ರಾಶಿಗಳನ್ನು ಒಂದು ಕಡೆಗೆ ಒತ್ತರಿಸಿ ಜಾಗ ಮಾಡಿದ್ದರು. ಗೋಡೆಗೆ ವೇಳಾಪಟ್ಟಿ, ಮೂಲೆಯಲ್ಲಿ ಗಾಳಿ ಹೋದ ಚೆಂಡುಗಳ ಬುಟ್ಟಿ. ಮೇಜಿನ ತುದಿಗೆ ಕೂತವರು ಅಧ್ಯಕ್ಷರು, ಪೈಪು ನಲ್ಲಿ ಮಾರುವ ದೊಡ್ಡ ಅಂಗಡಿಯ ಮಾಲೀಕರು. ಅವರ ಬಲಕ್ಕೆ ಖಜಾಂಚಿ, ಇದೇ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಮೇಷ್ಟ್ರು. ಎಡಕ್ಕೆ ಮುಖ್ಯೋಪಾಧ್ಯಾಯಿನಿ, ಎಲ್ಲರ ಬಾಯಲ್ಲಿ ದೊಡ್ಡ ಟೀಚರ್. ಬಾಗಿಲ ಬಳಿಯ ಸ್ಟೂಲಿನಲ್ಲಿ ಆಟದ ಮೇಷ್ಟ್ರು, ಕುತ್ತಿಗೆಯಲ್ಲಿ ಇನ್ನೂ ಸೀಟಿ. ಯಜಮಾನರು ಸಭೆಗೆ ಬರುವಾಗ ದಾರಿಯುದ್ದಕ್ಕೂ, "ಸರಿಮಾಡಿದೀಯ ತಾನೇ?" ಎಂದು ಕೇಳುತ್ತಲೇ ಬಂದಿದ್ದರು. "ಸರಿಯಾಗಿದೆ ಸರ್," ಎಂದಷ್ಟೇ ಅವಳು ಹೇಳಿದ್ದಳು.

ಹಾಳೆಗಳು ಕೈಯಿಂದ ಕೈಗೆ ಹೋದವು. ಮಾತು ಶುರುವಾಗುವ ಮೊದಲೇ ಖಜಾಂಚಿ ಮೇಷ್ಟ್ರು ಜೇಬಿನಿಂದ ಕೆಂಪು ಪೆನ್ನು ತೆಗೆದರು. ತುಟಿ ಅಲ್ಲಾಡಿಸುತ್ತ, ಮೇಲಿಂದ ಕೆಳಕ್ಕೆ ಟಿಕ್‌ಗಳನ್ನು ಎಣಿಸಿಕೊಂಡು ಹೋದರು. ಎರಡೂ ಕಂಪನಿಗಳ ಕಾಲಮ್ಮಿನ ಬುಡದಲ್ಲೂ ಅಂಕಿ ಬರೆದು ಸುತ್ತ ವೃತ್ತ ಎಳೆದರು.

"ಮೊದಲನೇದು ಪಾಸು," ಎಂದರು. "ಎರಡನೇದಕ್ಕಿಂತ ಮುಂದಿದೆ. ಆದ್ರೆ ಇಲ್ಲೊಂದು ಉತ್ತರ ತಿದ್ದಕ್ಕೆ ಬರೋ ಹಾಗಿಲ್ಲ. ಟಿಕ್ಕೂ ಇಲ್ಲ, ಇಂಟೂ ಇಲ್ಲ. ಇದಕ್ಕೆ ಮಾರ್ಕ್ಸ್ ಹೇಗೆ ಕೊಡ್ಲಿ?"

ಯಜಮಾನರು ತಮ್ಮ ಪ್ರತಿ ನೋಡಿದರು. ಕನ್ನಡಕ ತೆಗೆದರು.

"ಅದಕ್ಕೆ ಮಾರ್ಕ್ಸ್ ಕೊಡಕ್ಕೆ ಬರಬಾರದು ಅಂತಾನೇ ಹಾಗೆ ಬರೆದಿರೋದು ಮೇಷ್ಟ್ರೇ," ಎಂದಳು ನೋಟಮ್ಮ.

ಅಧ್ಯಕ್ಷರು ಹಾಳೆಯನ್ನು ಮೇಜಿಗೆ ಬಿಸಾಕಿದರು. "ಏನಮ್ಮಾ, ನಾವು ಕೇಳಿದ್ದು ಇದೆಯೋ ಇಲ್ವೋ ಅಂತ. ನಮ್ಮಂಗಡೀಲಿ ನಲ್ಲಿ ಇದೆಯಾ ಅಂದ್ರೆ ಇದೆ ಅಂತೀವಿ, ಇಲ್ಲಾಂದ್ರೆ ಇಲ್ಲ ಅಂತೀವಿ. ಕತೆ ಹೇಳಲ್ಲ."

"ನಲ್ಲಿ ಇದೆ ಸರ್. ನೀರು ಬರಲ್ಲ. ಗಿರಾಕಿ ಕೇಳಿದ್ರೆ ಇದೆ ಅಂತೀರಾ, ಇಲ್ಲ ಅಂತೀರಾ?"

ಆಟದ ಮೇಷ್ಟ್ರು ಕೆಮ್ಮಿನಲ್ಲಿ ನಗು ಅಡಗಿಸಿಕೊಂಡರು. ಯಜಮಾನರು ಮೇಜಿನ ಕೆಳಗೆ ಅವಳ ಕಾಲು ತುಳಿದರು. ಅವಳು ಕಾಲು ಎಳೆದುಕೊಂಡು, ಆಫೀಸಿನಲ್ಲಿ ಹೇಳಿದ್ದನ್ನೇ ಇಲ್ಲೂ ಹೇಳಿದಳು. ಟೀಚರಿಗೆ ಕೈ ಮುರಿದರೆ ಸಿಗುತ್ತದೆ, ಅದೇ ಮೆಟ್ಟಿಲ ಮೇಲೆ ಅದೇ ಹೊತ್ತಿಗೆ ಬಿದ್ದ ಮಗುವಿಗೆ ಸಿಗುವುದಿಲ್ಲ ಎಂದಳು. ಎರಡನೆಯ ಕಂಪನಿಯಲ್ಲಿ ಆಸ್ಪತ್ರೆ ಖರ್ಚು ಯಾವುದಕ್ಕೂ ಜೋತುಬಿದ್ದಿಲ್ಲ, ಒಂದು ಮಿತಿಯವರೆಗೆ ಬಿಲ್ಲಿನಷ್ಟನ್ನು ಕೊಡುತ್ತಾರೆ, ಒಂದು ರಾತ್ರಿಯೂ ಮಲಗದೆ ಪಟ್ಟಿ ಹಾಕಿಸಿಕೊಂಡು ಮನೆಗೆ ಹೋದರೂ ಸರಿ ಎಂದಳು. ಹೀಗೆಯೇ ಬದಲಿಸಿಕೊಡಿ ಎಂದು ಮೊದಲನೆಯವರನ್ನೂ ಕೇಳಿದ್ದಾಗಿಯೂ, 'ಪಾಲಿಸಿಯ ಒಕ್ಕಣೆಯಂತೆ' ಎಂದಷ್ಟೇ ಉತ್ತರಿಸಿ ಅವರು ಜಾರಿಕೊಂಡದ್ದಾಗಿಯೂ ಹೇಳಿದಳು.

"ಸಾವಿನ ಮೊತ್ತ ಅರ್ಧಕ್ಕೆ ಇಳಿಯತ್ತಲ್ಲ!" ಎಂದರು ಅಧ್ಯಕ್ಷರು.

"ಇಳಿಯತ್ತೆ. ಸ್ಕೂಲಲ್ಲಿ ಆಗೋದೇನು ಅಂತ ಆಟದ ಮೇಷ್ಟ್ರನ್ನ ಕೇಳಿ ಸರ್."

ಎಲ್ಲರೂ ಬಾಗಿಲ ಕಡೆ ತಿರುಗಿದರು. ಆಟದ ಮೇಷ್ಟ್ರು ಎದ್ದು ನಿಲ್ಲಬೇಕೋ ಬೇಡವೋ ಎಂದು ಅರ್ಧ ಎದ್ದರು. "ಹಲ್ಲು ಸರ್. ಮುಂದಿನ ಹಲ್ಲು. ಆಮೇಲೆ ಮುಂಗೈ, ಪಾದದ ಗಂಟು. ನೀರಿನ ತೊಟ್ಟಿ ಹತ್ರ ಜಾರಿ ಗಲ್ಲ ಒಡ್ಕೊಳ್ಳೋದು. ಆಟೋದಲ್ಲಿ ಕೂರಿಸ್ಕೊಂಡು ಹೋಗೋನು ನಾನೇ. ಅವರಮ್ಮಂದಿರು ನನ್ನನ್ನೇ ಬೈಯೋದು."

"ಎಲ್ಲಾ ಗುಣ ಆಗತ್ತಾ?" ಎಂದು ದೊಡ್ಡ ಟೀಚರ್ ಕೇಳಿದರು.

"ಆಗತ್ತೆ ಟೀಚರ್. ಮಕ್ಕಳಲ್ವಾ. ಪಟ್ಟಿ ಬಿಚ್ಚಿದ ದಿನಾನೇ ಮರ ಹತ್ತಿರ್ತಾರೆ."

ಅಧ್ಯಕ್ಷರಿಗೆ ಈ ಮಾತು ಹೋಗುತ್ತಿದ್ದ ದಿಕ್ಕು ಹಿಡಿಸಲಿಲ್ಲ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಮೆಲ್ಲಗೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ನಾನೊಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಜಾಸ್ತಿ ಪ್ರೀಮಿಯಂ ಆದ್ರೆ ನಿಮಗೆ ಕಂಪನಿಯಿಂದ ಬರೋ ಕಮಿಷನ್ನೂ ಜಾಸ್ತಿ, ಹೌದೋ ಅಲ್ವೋ?"

ಯಜಮಾನರು, "ಛೆ ಛೆ, ಹಾಗೆಲ್ಲ ಏನಿಲ್ಲ ಸರ್," ಎಂದು ಶುರುಮಾಡುವಷ್ಟರಲ್ಲಿ ನೋಟಮ್ಮ, "ಹೌದು," ಎಂದಳು. "ಪ್ರೀಮಿಯಂ ಮೇಲೆ ಇಷ್ಟು ಅಂತ ಬರತ್ತೆ. ಎರಡನೇದು ತಗೊಂಡ್ರೆ ನಮಗೆ ಜಾಸ್ತಿ. ಹಾಳೆ ತಿರುಗಿಸಿ ಸರ್, ಕೊನೇ ಸಾಲು. ಎರಡರಿಂದಲೂ ನಮಗೆ ಎಷ್ಟೆಷ್ಟು ಅಂತ ಬರೆದಿದೀನಿ. ಇದು ನಿನ್ನೆ ಸೇರಿಸಿದ್ದು. ನೀವು ಕೇಳೇ ಕೇಳ್ತೀರ ಅಂತ ಗೊತ್ತಿತ್ತು."

ಹಾಳೆಗಳು ತಿರುಗುವ ಸದ್ದಾಯಿತು. ಯಜಮಾನರ ಕಿವಿ ಕೆಂಪಾಯಿತು.

"ಅದನ್ನ ನೋಡಿ ನನ್ನ ಮಾತು ನಂಬಬೇಡಿ," ಎಂದಳು ಅವಳು. "ಕಂಪನಿಯೋರನ್ನೇ ಕೇಳಿ. ನಿಮ್ಮ ಹತ್ರ ಅವರ ನಂಬರ್ ಇರಬೇಕಲ್ಲ."

ಅಧ್ಯಕ್ಷರಿಗೆ ಇದು ಸವಾಲಿನಂತೆ ಕೇಳಿಸಿತು. ಸವಾಲೇ ಆಗಿತ್ತು. ಫೋನು ತೆಗೆದು, ಮೊದಲನೆಯ ಕಂಪನಿಯ ಶಾಖೆಯ ಅಧಿಕಾರಿಗೆ ಕರೆ ಮಾಡಿ, ಸ್ಪೀಕರಿಗೆ ಹಾಕಿ ಮೇಜಿನ ನಡುವೆ ಇಟ್ಟರು.

"ನಮಸ್ಕಾರ ಅಧ್ಯಕ್ಷರೇ! ಹೇಳಿ ಹೇಳಿ!" ಎಂದಿತು ಫೋನು.

"ಅಲ್ಲ ಸ್ವಾಮಿ, ಆಸ್ಪತ್ರೆ ಖರ್ಚು ಇದೆ ತಾನೇ ನಿಮ್ಮ ಪಾಲಿಸೀಲಿ?"

"ಇದೆ ಸರ್, ಧಾರಾಳವಾಗಿ ಇದೆ! ನಾವೇ ಕೊಡ್ದಿದ್ರೆ ಇನ್ನು ಯಾರು ಕೊಡ್ತಾರೆ!"

ಅಧ್ಯಕ್ಷರು ಹುಬ್ಬು ಹಾರಿಸಿ ನೋಟಮ್ಮನ ಕಡೆ ನೋಡಿದರು. ಅವಳು ಫೋನಿನ ಕಡೆ ಬಗ್ಗಿದಳು.

"ಸರ್, ನಾನು ಬ್ರೋಕರ್ ಆಫೀಸಿನವಳು. ಮೂರನೇ ಕ್ಲಾಸಿನ ಮಗು. ಮೆಟ್ಟಿಲಿಂದ ಬಿತ್ತು. ಮುಂಗೈ ಮುರೀತು. ಪಟ್ಟಿ ಹಾಕಿದ್ರು, ಕೂಡ್ಕೊಳ್ತು, ಈಗ ಚೆನ್ನಾಗಿ ಬರೀತಿದೆ. ಎಷ್ಟು ಕೊಡ್ತೀರ?"

"ಮೇಡಂ, ಅದು... ಕ್ಲೇಮ್ ಒಪ್ಪಿಗೆ ಆದ್ರೆ ಅದರ ಮೇಲೆ ನಲವತ್ತು..."

"ಒಪ್ಪಿಗೆ ಆಗತ್ತಾ?"

"ಒಕ್ಕಣೆ ನೋಡ್ಬೇಕಾಗತ್ತೆ ಮೇಡಂ."

"ನೋಡಿದೀನಿ. ಶಾಶ್ವತ ಊನ ಇಲ್ಲ. ಮಕ್ಕಳಿಗೆ ವಾರದ ಪರಿಹಾರ ಇಲ್ಲ. ಯಾವುದರ ಕೆಳಗೆ ಒಪ್ಪಿಗೆ ಮಾಡ್ತೀರ?"

ಫೋನಿನೊಳಗೆ ಯಾರೋ ಬಾಗಿಲು ಹಾಕಿದ ಸದ್ದು ಕೇಳಿಸಿತು. "ಕೇಸ್ ಬಂದಾಗ ನೋಡೋಣ ಮೇಡಂ, ಸ್ಕೂಲು ನಮ್ಮದೇ ಅಲ್ವಾ, ಏನಾದ್ರೂ ಮಾಡೋಣ."

"ಏನು ಮಾಡ್ತೀರ ಅಂತ ಬರೆದುಕೊಡಿ ಸರ್. ನಾನು ಈಗಲೇ ಟಿಕ್ ಹಾಕ್ತೀನಿ."

"ಬರೆದುಕೊಡಕ್ಕೆ... ಅದು ಹೆಡ್ ಆಫೀಸಿಂದ ಆಗ್ಬೇಕು. ಈಗ ಆಗಲ್ಲ," ಎಂದಿತು ಫೋನು. ಅಧ್ಯಕ್ಷರು ಅದನ್ನು ತಟ್ಟನೆ ಎತ್ತಿಕೊಂಡು ಬಂದ್ ಮಾಡಿದರು.

ಖಜಾಂಚಿ ಮೇಷ್ಟ್ರು ಕೆಂಪು ಪೆನ್ನಿನ ತುದಿ ಕಚ್ಚುತ್ತ ಕೂತಿದ್ದರು. "ಆದ್ರೂ ಒಟ್ಟು ಮಾರ್ಕ್ಸ್ ನೋಡಿದ್ರೆ..." ಎಂದು ಗೊಣಗಿದರು.

"ಮೇಷ್ಟ್ರೇ," ಎಂದಳು ನೋಟಮ್ಮ. ಅವಳ ದನಿ ಈಗ ಮೆತ್ತಗಿತ್ತು. "ಬರೀ ಉತ್ತರ ಬರೆದು ಸ್ಟೆಪ್ಸ್ ಬರೀದೇ ಇದ್ದೋರಿಗೆ ನೀವು ಮಾರ್ಕ್ಸ್ ಕೊಡ್ತಿದ್ರಾ?"

"ಸೊನ್ನೆ!" ಎಂದರು ಮೇಷ್ಟ್ರು, ಅಭ್ಯಾಸಬಲದಿಂದ, ಮೇಜು ಕುಟ್ಟಿ. ಆಮೇಲೆ ತಾವು ಏನು ಹೇಳಿದೆವೆಂದು ತಮಗೇ ಕೇಳಿಸಿ, ಹಾಳೆಯ ಬುಡದ ವೃತ್ತಗಳನ್ನು ನೋಡಿದರು. ಎರಡರ ಮೇಲೂ ಗೀಟು ಹಾಕಿದರು.

"ಇಲ್ಲಿ ತೀರ್ಮಾನ ಮಾಡೋರು ನಾವು," ಎಂದರು ಅಧ್ಯಕ್ಷರು. ಅವರ ಮುಖ ಬಿಗಿದಿತ್ತು. "ಮೊದಲನೇದನ್ನೇ ತಗೋತೀವಿ ಅಂದ್ರೆ ನೀವೇನು ಮಾಡ್ತೀರಮ್ಮಾ?"

"ತಗೊಳ್ಳಿ ಸರ್. ಅದು ನಿಮ್ಮ ಹಕ್ಕು. ಪಾಲಿಸಿ ನಾನೇ ಮಾಡಿಸಿಕೊಡ್ತೀನಿ. ಆದ್ರೆ ಪೋಷಕರಿಗೆ ಕಳಿಸೋ ಸುತ್ತೋಲೇಲೂ ಈ ವಾಕ್ಯ ಹೀಗೇ ಇರಬೇಕು. ನಾನು ಇದನ್ನ ಅಳಿಸಲ್ಲ."

"ನೀವು ಅಳಿಸದಿದ್ರೆ ಅಳಿಸೋರು ಬೇರೆ ಇದಾರೆ," ಎಂದು ಅಧ್ಯಕ್ಷರು ಯಜಮಾನರ ಕಡೆ ನೋಡಿದರು. ಯಜಮಾನರು ಉತ್ತರಪತ್ರಿಕೆಗಳ ರಾಶಿಯನ್ನು ನೋಡುತ್ತಿದ್ದರು.

ಆಗ ದೊಡ್ಡ ಟೀಚರ್ ಬಾಯಿಬಿಟ್ಟರು. ಸಭೆಯಲ್ಲಿ ಅವರು ಮಾತಾಡುವುದೇ ಅಪರೂಪ. "ಸುತ್ತೋಲೆ ಬರೆಯೋಳು ನಾನು. ಗೊತ್ತಾದ ಮೇಲೆ ಬಿಟ್ಟು ಬರೆಯಕ್ಕೆ ನನ್ನ ಕೈಲಿ ಆಗಲ್ಲ. ಬಿದ್ದ ಮಗುವಿನ ತಾಯಿ ಮೊದಲು ಬರೋದು ನನ್ನ ಕೋಣೆಗೆ, ನಿಮ್ಮ ಅಂಗಡಿಗಲ್ಲ. ಕೆಳಗಡೆ ರುಜು ಮಾತ್ರ ನಿಮ್ಮದೇ ಬೇಕು ಅಧ್ಯಕ್ಷರೇ."

ಅಧ್ಯಕ್ಷರು ಹಾಳೆ ಎತ್ತಿಕೊಂಡರು. ಆ ಚೌಕವನ್ನು ಮತ್ತೊಮ್ಮೆ ಓದಿದರು. ಈ ಸಲ ತುಟಿ ಅಲ್ಲಾಡುತ್ತಿತ್ತು. ಮೈಕು, ಸಭೆ, ಸಾಲುಸಾಲಾಗಿ ಕೂತ ತಾಯಂದಿರು, ಅವರ ಮುಂದೆ ಈ ವಾಕ್ಯ, ಅದರ ಕೆಳಗೆ ತಮ್ಮ ಹೆಸರು. ಅದೆಲ್ಲ ಅವರ ಕಣ್ಣ ಮುಂದೆ ಹಾದುಹೋಗುತ್ತಿರುವುದು ಎಲ್ಲರಿಗೂ ಕಾಣುತ್ತಿತ್ತು.

"ಎರಡನೇದನ್ನೇ ಮಾಡಿ," ಎಂದರು ಕೊನೆಗೆ, ಯಾರ ಮುಖವನ್ನೂ ನೋಡದೆ. ಯಜಮಾನರಿಗೆ, "ಒಂದು ಮಾತು. ಮುಂದಿನ ಸಲ ಈಯಮ್ಮನ್ನ ಕಳಿಸಬೇಡಿ," ಎಂದರು.

"ಆಯ್ತು ಸರ್," ಎಂದರು ಯಜಮಾನರು, ಒಂದು ಕ್ಷಣವೂ ತಡಮಾಡದೆ.

ನೋಟಮ್ಮನಿಗೆ ಆ 'ಆಯ್ತು ಸರ್' ಚುಚ್ಚಿತು. ಹಾಳೆಗಳನ್ನು ಒಟ್ಟುಮಾಡಿಕೊಂಡು, ಎಲ್ಲರಿಗೂ ನಮಸ್ಕಾರ ಹೇಳಿ ಹೊರಗೆ ಬಂದಳು. ಆಟದ ಮೇಷ್ಟ್ರು ಬಾಗಿಲು ಹಿಡಿದು ನಿಂತಿದ್ದವರು, "ಅಕ್ಕಾ, ಹಲ್ಲಿಗೂ ಕೊಡ್ತಾರಾ?" ಎಂದು ಪಿಸುಗುಟ್ಟಿದರು. "ಅಪಘಾತದಲ್ಲಿ ಮುರಿದ ಹಲ್ಲಿಗೆ ಕೊಡ್ತಾರೆ. ಹುಳುಕಿಗೆ ಕೊಡಲ್ಲ," ಎಂದಳು.

ಗೇಟಿನ ಹೊರಗೆ ಯಜಮಾನರು ಸ್ಕೂಟರಿನ ಪಕ್ಕ ನಿಂತು ಬೀಗದ ಕೈಗಾಗಿ ಎಲ್ಲ ಜೇಬನ್ನೂ ತಡಕುತ್ತಿದ್ದರು. ರಸ್ತೆಯಾಚೆ ಅಂಗಡಿಗಳು ದೀಪ ಹಾಕುತ್ತಿದ್ದವು.

"ಕಮಿಷನ್ ಬರೆದಿದೀಯಲ್ಲಮ್ಮಾ," ಎಂದರು ಅವರು. "ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ಬೇಡ ಅಂತಿದ್ರಿ."

"ಬೇಡ ಅಂತಿದ್ದೆ."

"ಅದಕ್ಕೇ ಕೇಳ್ಲಿಲ್ಲ ಸರ್."

ಅವರು ಇನ್ನೊಂದು ಜೇಬಿಗೆ ಕೈ ಹಾಕಿದರು. "ಸ್ಕೂಲು ಉಳೀತು. ಸರಿ. ಆದ್ರೆ ಅಧ್ಯಕ್ಷರ ಬಾಯಲ್ಲಿ ನಾಳೆ ಊರೆಲ್ಲ ಇದೇ ಮಾತು. ಬೇರೆ ಸಮಿತಿಯೋರೂ ನಿನ್ನ ಬೇಡ ಅಂದ್ರೆ ನಾನೇನು ಮಾಡ್ಲಿ? ನಿನ್ನ ಕುರ್ಚಿ ವಿಷಯ ನಾನು ಯೋಚನೆ ಮಾಡ್ಬೇಕಾಗತ್ತೆ."

ಅವಳಿಗೆ ಮನೆಯ ಬಾಡಿಗೆ ನೆನಪಾಯಿತು. ಅವಳು ಚೀಲವನ್ನು ಹೆಗಲಿಗೆ ಏರಿಸಿಕೊಂಡಳು.

"ಯೋಚನೆ ಮಾಡಿ ಸರ್. ನಾಳೆ ನಾನು ಎಂದಿನ ಹೊತ್ತಿಗೇ ಬರ್ತೀನಿ. ನಾನು ಬೇಡ ಅಂತಾದ್ರೆ ಬರವಣಿಗೇಲಿ ಕೊಡಿ. ಬೇಡ ಅಂತ ಒಂದು ಇಂಟು ಹಾಕಿ ಕೊಟ್ರೆ ತಗೊಳಲ್ಲ. ಯಾಕೆ ಬೇಡ ಅಂತ ಪೂರ್ತಿ ವಾಕ್ಯ ಬರೀರಿ."

ಯಜಮಾನರ ಕೈ ಜೇಬಿನಲ್ಲೇ ನಿಂತಿತು. ಬೀಗದ ಕೈ ಸಿಕ್ಕಿತ್ತು. ಅದನ್ನು ಹೊರಗೆ ತೆಗೆಯುವುದನ್ನೇ ಮರೆತರು.

"ಏನಂತ ಬರೀಲಮ್ಮಾ?" ಎಂದರು.

"ಅದನ್ನ ನಾನು ಬರೆದುಕೊಡಲ್ಲ," ಎಂದು ಹೇಳಿ ಅವಳು ಬಸ್ ಸ್ಟಾಪಿನ ಕಡೆ ಹೆಜ್ಜೆ ಹಾಕಿದಳು.